ಹೆಸರಿಗಿಂತ ಮುಂಚೆ ಅಳತೆಗೋಲು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಕ್ಕಿಳಿದ ಮೂವರು ಪಾಲುದಾರರ ಪ್ರಸಂಗವನ್ನೇ ಇವತ್ತು ಹೇಳ್ತೀನಿ. ಬಂಡವಾಳದಲ್ಲಿ ಜಗಳವಿಲ್ಲ, ಲಾಭದ ಪಾಲಿನಲ್ಲೂ ಇಲ್ಲ. ಜಗಳವೆಲ್ಲ ಹೆಸರಿನದು. ಒಬ್ಬರಿಗೆ ‘ಮಂಡ್ಯ ಬೆಲ್ಲ’ ಬೇಕು, ಇನ್ನೊಬ್ಬರಿಗೆ ‘ಕೇನ್‌ವೇದಾ’, ಮೂರನೆಯವರಿಗೆ ‘ಹೊಂಗೆನೆರಳು’. "ಹೊಂಗೆ ಅಂದ್ರೆ ಕಹಿ ಕಣಯ್ಯ, ಬೆಲ್ಲಕ್ಕೆ ಆ ಹೆಸ್ರಾ?" ಅನ್ನೋದರಲ್ಲೇ ಸಂಜೆಗಳು ಕಳೆದವು.

ನಾನು ಹೇಳಿದ್ದು ಒಂದೇ: ಹೆಸರು ಪಕ್ಕಕ್ಕಿಡಿ, ಅಳತೆಗೋಲು ಮೊದಲು ಬರೆಯಿರಿ. ಹೆಸರು ಕಣ್ಣ ಮುಂದಿದ್ದರೆ ಪ್ರತಿಯೊಬ್ಬರೂ ತಮ್ಮ ಹೆಸರು ಗೆಲ್ಲುವಂಥ ನಿಯಮವನ್ನೇ ಹುಡುಕ್ತಾರೆ. ಅವರು ಬರೆದದ್ದು ಮೂರು: ಟ್ರೇಡ್‌ಮಾರ್ಕ್ ಸಿಗಬೇಕು, ಫೋನಿನಲ್ಲಿ ಕೇಳಿದವರು ಸರಿಯಾಗಿ ಬರೆಯಬೇಕು, ಕೊಂಡವರು ಮತ್ತೆ ಹೆಸರು ಹೇಳಿ ಕೇಳಬೇಕು. ಮೊದಲನೆಯದು ಬಾಗಿಲು, ಅದನ್ನು ದಾಟದ ಹೆಸರಿಗೆ ಅಂಕವೇ ಇಲ್ಲ. ಕೆಳಗೆ ಮೂವರ ಸಹಿ.

‘ಮಂಡ್ಯ ಬೆಲ್ಲ’ ಬಾಗಿಲಲ್ಲೇ ನಿಂತಿತು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬರೀ ಊರನ್ನೂ ಸರಕನ್ನೂ ಹೇಳುವ ಹೆಸರು ಸಾಮಾನ್ಯವಾಗಿ ನೋಂದಣಿಯಾಗೋದಿಲ್ಲ. ಬಳಕೆಯಿಂದ ಆಗಲೇ ಹೆಸರು ಮಾಡಿದ್ದರೆ ಮಾತು ಬೇರೆ. ಉಳಿದೆರಡನ್ನು ಟ್ರೇಡ್‌ಮಾರ್ಕ್‌ನ ಸರಕು ವಿಂಗಡಣೆಯಲ್ಲಿ ಬೆಲ್ಲ ಬರುವ 30ನೇ ಕ್ಲಾಸಿನಲ್ಲಿ ಹುಡುಕಿಸಿದರು, ಅಡ್ಡಿ ಕಾಣಲಿಲ್ಲ. ಹಾಗಂತ ನೋಂದಣಿ ಖಾತ್ರಿ ಅಂತಲ್ಲ, ಆಕ್ಷೇಪಣೆ ಆಮೇಲೂ ಬರಬಹುದು.

ಫೋನಿನ ಪರೀಕ್ಷೆಗೆ ಹೆಸರು ಸೂಚಿಸದ ಹುಡುಗನೊಬ್ಬನನ್ನು ಕೂರಿಸಿದರು. ತಾವು ಸೂಚಿಸಿದ ಹೆಸರನ್ನು ಎಲ್ಲರೂ ಬಿಡಿಸಿ ಬಿಡಿಸಿ ಹೇಳ್ತಾರಲ್ಲ, ಅದಕ್ಕೇ. ಅಂಗಡಿಯವರು ‘ಕೇನ್‌ವೇದಾ’ವನ್ನು ‘ಗಾನವೇದ’ ಅಂತ ಬರಕೊಂಡರು, ‘ಕೆನ್ ವೇದ’ ಅಂತಲೂ ಬರಕೊಂಡರು. ಸಂಗೀತ ಶಾಲೆಗೆ ಒಳ್ಳೆ ಹೆಸರು!

ಅಂಗಡಿಯ ಪರೀಕ್ಷೆಯಲ್ಲಿ ಜನ ಎಡವೋದು ಹೆಚ್ಚು. ಒಂದು ಹೆಸರನ್ನು ಮಂಡ್ಯದ ಪೇಟೆಬೀದಿಯಲ್ಲೂ ಇನ್ನೊಂದನ್ನು ಶ್ರೀರಂಗಪಟ್ಟಣದಲ್ಲೂ ಇಟ್ಟರೆ ನೀವು ಅಳೆಯೋದು ಅಂಗಡಿಯನ್ನು, ಹೆಸರನ್ನಲ್ಲ. ಆದ್ದರಿಂದ ಅದೇ ಬೆಲ್ಲ, ಅದೇ ಬೆಲೆ, ಅದೇ ಪೊಟ್ಟಣ, ಬೇರೆ ಚೀಟಿ. ಎರಡು ವಾರ ಕಳೆದ ಮೇಲೆ ಅಂಗಡಿ ಅದಲುಬದಲು. ಎಷ್ಟು ಮಾರಾಟವಾಯಿತು ಅನ್ನೋದನ್ನು ನೆಚ್ಚಬೇಡಿ, ಅಷ್ಟು ಕಡಿಮೆ ಮಾಲಿನಲ್ಲಿ ಒಂದು ಮದುವೆ ಮನೆಯ ಖರೀದಿ ಲೆಕ್ಕವನ್ನೇ ತಿರುಗಿಸಿಬಿಡುತ್ತೆ. ಮರಳಿ ಬಂದವರು ಏನಂತ ಕೇಳಿದರು ಅನ್ನೋದನ್ನು ಬರೆಸಿ.

ಕಹಿಯ ಅನುಮಾನವನ್ನೂ ಅಲ್ಲೇ ಅಳೆದರು: ಹೆಸರು ನೋಡಿ ಪೊಟ್ಟಣ ಕೆಳಗಿಟ್ಟವರಿಗೆ ಒಂದು ಗೀಟು. ಆ ಕಾಲಂ ಖಾಲಿ ಉಳಿಯಿತು. ಜನ "ಆ ಹೊಂಗೆ ಬೆಲ್ಲ ಕೊಡಿ" ಅಂದರು. ‘ಕೇನ್‌ವೇದಾ’ ಕೊಂಡವರು "ಹೋದ್ಸಲ ಕೊಟ್ರಲ್ಲ, ಅದು" ಅಂದರು. ಎರಡು ಅಂಗಡಿಯ ಮಾತು ಬೆಂಗಳೂರಿಗೆ ಅನ್ವಯಿಸುತ್ತೆ ಅಂತ ಯಾರೂ ಹೇಳಬಾರದು. ಆದರೆ ಅವರು ಸಹಿ ಹಾಕಿದ್ದ ಅಳತೆಗೋಲಿಗೆ ಅಷ್ಟು ಸಾಕಾಯಿತು. ‘ಮಂಡ್ಯ ಬೆಲ್ಲ’ ಪೊಟ್ಟಣದ ಮೇಲೆ ಸರಕಿನ ವಿವರವಾಗಿ ಉಳಿಯಿತು.

ಸಮಯ ಆಯ್ತು ಅಂತಿದಾರೆ. ಅಂಕ ಸಮವಾದರೆ ಏನು ಅನ್ನೋದನ್ನೂ ಮೊದಲೇ ಬರೆದಿಡಿ. ಇನ್ನೊಂದು, ಹೊಸ ಕಂಪನಿಯ ನೋಂದಣಿಗೆ ಹಾಕುವ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ಕಾಯ್ದಿರಿಸಿದ ಹೆಸರು, ಶುಲ್ಕ ಕಟ್ಟಿ ಮುಂದುವರಿಸದಿದ್ದರೆ, 20 ದಿನ ಮಾತ್ರ ನಿಲ್ಲುತ್ತೆ. ಪರೀಕ್ಷೆ ಮುಗಿಸಿಯೇ ಅದಕ್ಕೆ ಕೈ ಹಾಕಿ.