ಫಾಯಿಲ್ಲೋ ರೋಟರಿಯೋ? ಮೊದಲು ಕೂದಲಿನ ಉದ್ದ ನೋಡಿ

ಎಲ್ಲರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಚ್ಚಿ ಕನ್ನಡಿ ಮುಂದೆ ನಿಂತಿರೋರು ಬೇಕಾದಷ್ಟು ಜನ ಇರ್ತೀರಿ, ಕೈಯಲ್ಲಿ ಶೇವರ್ ಇದ್ರೆ ಸ್ವಲ್ಪ ಹೊತ್ತು ಆಫ್ ಮಾಡಿ ಕೇಳಿಸ್ಕೊಳ್ಳಿ. ನಾನು ಚರ್ಮದ ಡಾಕ್ಟರು. ಕತ್ತಿನ ಮೇಲೆ ಕೆಂಪು ಗುಳ್ಳೆ ಎದ್ದಿದೆ, ಉರಿ ಅಂತ ಬರೋ ಹುಡುಗರು ಕೇಳೋದು ಒಂದೇ ಪ್ರಶ್ನೆ, ಸರ್ ನಂದು ಸೆನ್ಸಿಟಿವ್ ಸ್ಕಿನ್ನು, ಗಡ್ಡ ನೋಡಿದ್ರೆ ದಟ್ಟ, ಬೆಳಿಗ್ಗೆ ತೆಗೆದ್ರೆ ಸಂಜೆಗೆ ಕಪ್ಪಗಾಗುತ್ತೆ, ಯಾವ ಮೆಷಿನ್ ತಗೊಳ್ಲಿ? ಅಂಗಡೀಲಿ ಕೇಳಿದ್ರೆ ದಟ್ಟ ಗಡ್ಡಕ್ಕೆ ರೋಟರಿ ಅಂತ ಹೇಳಿ ಕಳಿಸ್ತಾರೆ. ಅದು ಅರ್ಧ ಮಾತು. ಗಡ್ಡ ಎಷ್ಟು ದಟ್ಟ ಅನ್ನೋದಲ್ಲ, ಮೆಷಿನ್ ಮುಖಕ್ಕೆ ಇಡೋ ಹೊತ್ತಿಗೆ ಕೂದಲು ಎಷ್ಟು ಉದ್ದ ಇದೆ ಅನ್ನೋದನ್ನ ನೋಡ್ಬೇಕು. ಇವತ್ತು ಇದೊಂದು ನೆನಪಿಟ್ಕೊಳ್ಳಿ, ಸಾಕು.

ಯಾಕೆ ಅಂತ ಹೇಳ್ತೀನಿ. ಫಾಯಿಲ್ ಶೇವರ್ ಅಂದ್ರೆ ತಲೆ ಭಾಗದಲ್ಲಿ ಉದ್ದುದ್ದಕ್ಕೆ ಜಾಲರಿ ಥರ ತೂತಿರೋ ತೆಳು ಲೋಹದ ಹಾಳೆ ಇರುತ್ತಲ್ಲ, ಅದು. ಆ ಹಾಳೆ ಕಾಗದಕ್ಕಿಂತ ತೆಳು, 0.05 ಮಿಲಿಮೀಟರ್ ಆಸುಪಾಸು. ಅದರ ಕೆಳಗೆ ಬ್ಲೇಡು ಎಡಕ್ಕೂ ಬಲಕ್ಕೂ ಸರಸರ ಓಡಾಡ್ತಿರುತ್ತೆ. ಕೂದಲು ತೂತಿನೊಳಗೆ ತಲೆ ಹಾಕಿದ್ರೆ ಕಟ್, ಬ್ಲೇಡು ಚರ್ಮಕ್ಕೆ ತಾಗೋದೇ ಇಲ್ಲ. ಆದ್ರೆ ಕೂದಲು ಉದ್ದ ಆಗಿ ಮಲಗಿಬಿಟ್ರೆ ತೂತಿಗೆ ಹೋಗಲ್ಲ, ಹಾಳೆ ಅದರ ಮೇಲೇ ಜಾರ್ಕೊಂಡು ಹೋಗುತ್ತೆ. ರೋಟರಿಯಲ್ಲಿ ಮೂರು ದುಂಡು ತಲೆ, ಒಂದೊಂದರಲ್ಲೂ ಸಣ್ಣ ಸಣ್ಣ ಸೀಳು, ಒಳಗೆ ಬ್ಲೇಡು ಚಕ್ರದ ಹಾಗೆ ತಿರುಗುತ್ತೆ. ಸೀಳು ಉದ್ದ ಇರೋದ್ರಿಂದ ಮಲಗಿದ ಕೂದಲೂ ಸಿಕ್ಕುತ್ತೆ, ಎರಡು ಮೂರು ದಿನದ ಗಡ್ಡಾನೂ ಹಿಡಿಯುತ್ತೆ. ಆದ್ರೆ ಅದನ್ನ ಸುತ್ತಿಸಿ ಸುತ್ತಿಸಿ ಹಿಡೀಬೇಕು, ಒಂದೇ ಜಾಗದ ಮೇಲೆ ಹತ್ತು ಸಲ ಓಡಾಡುತ್ತೆ, ಸೂಕ್ಷ್ಮ ಚರ್ಮಕ್ಕೆ ಆ ಹತ್ತು ಸಲ ಉಜ್ಜೋದೇ ಕಷ್ಟ.

ಇಲ್ಲಿ ಒಬ್ಬ ಕಾನ್ಸ್‌ಟೇಬಲ್ ಕಥೆ ಹೇಳ್ಲೇಬೇಕು, ಪೂರ್ತಿ ಕೇಳಿ. ಇಪ್ಪತ್ತಾರು ವರ್ಷದ ಹುಡುಗ, ಡ್ಯೂಟಿಗೆ ದಿನಾ ನುಣ್ಣಗೆ ಶೇವ್ ಮಾಡ್ಕೊಂಡೇ ಹೋಗ್ಬೇಕು. ಕತ್ತು ಪೂರ್ತಿ ಗುಳ್ಳೆ, ಕೆಲವು ಗುಳ್ಳೆ ಒಳಗೆ ಕೂದಲು ಸುರುಳಿ ಸುತ್ಕೊಂಡು ಕಪ್ಪು ಎಳೆ ಥರ ಕಾಣ್ತಿತ್ತು. ಮುಲಾಮು ಹಚ್ಚಿದ್ರೆ ನಾಲ್ಕು ದಿನ ಸುಮ್ನಾಗುತ್ತೆ, ಮತ್ತೆ ಅದೇ ರಗಳೆ. ನಾನು ಅಂದೆ, ನಾಳೆ ಗಡ್ಡ ತೆಗೀಬೇಡ, ಮೆಷಿನ್ ತಗೊಂಡೇ ಬಾರಪ್ಪಾ, ನನ್ನ ಮುಂದೆ ಶೇವ್ ಮಾಡು. ಬಂದ. ಮೂರು ತಲೆಯ ರೋಟರಿ. ದವಡೆ ಕೆಳಗೆ ಹೋದ ತಕ್ಷಣ ಹುಡುಗ ಹಲ್ಲು ಕಚ್ಕೊಂಡು ಮೆಷಿನ್ನನ್ನ ಒತ್ತೋಕೆ ಶುರು ಮಾಡಿದ, ಎಷ್ಟು ಅಂದ್ರೆ ಅದರ ಗುಂಯ್ ಅನ್ನೋ ಸದ್ದೇ ಮಂದ ಆಗ್ತಿತ್ತು. ಆ ಸದ್ದು ಕುಗ್ಗಿದ್ರೆ ಜಾಸ್ತಿ ಒತ್ತಿದೀರಿ ಅಂತ ಅರ್ಥ, ನೀವೂ ಗಮನಿಸಿ. ಸಾಲದ್ದಕ್ಕೆ ಇನ್ನೊಂದು ಕೈಯಲ್ಲಿ ಕತ್ತಿನ ಚರ್ಮ ಎಳೆದು ಹಿಡ್ಕೊಂಡಿದ್ದ. ಹಾಗೆ ಎಳೆದು ಕತ್ತರಿಸಿದ್ರೆ ಕೂದಲಿನ ತುದಿ ಚರ್ಮದ ಒಳಗೆ ಜಾರ್ಕೊಳ್ಳುತ್ತೆ, ಗುಂಗುರು ಕೂದಲಾದ್ರೆ ಬೆಳೀತಾ ಹೊರಗೆ ಬರೋ ಬದಲು ಒಳಗೇ ಚುಚ್ಚುತ್ತೆ. ಗುಳ್ಳೆ ಹುಟ್ಟೋದೇ ಅಲ್ಲಿ.

ತಲೆ ಬಿಚ್ಚು ಅಂದೆ. ಒಳಗೆ ಪುಡಿ ಕೂದಲು ಎಣ್ಣೆ ಜೊತೆ ಸೇರಿ ಕಪ್ಪು ಹಿಟ್ಟಿನ ಥರ ಕೂತಿತ್ತು. ವಾರಕ್ಕೊಂದ್ಸಲ ಮೂರೂ ಬ್ಲೇಡು ಬಿಚ್ಚಿ ಒಟ್ಟಿಗೆ ತೊಳೆದು ಕೈಗೆ ಸಿಕ್ಕಿದ್ದನ್ನ ಸಿಕ್ಕಿದ ಕಡೆ ಹಾಕ್ತೀನಿ ಸರ್ ಅಂದ. ಇದು ದೊಡ್ಡ ತಪ್ಪು. ಒಂದೊಂದು ಬ್ಲೇಡೂ ತನ್ನ ಮೇಲಿನ ಮುಚ್ಚಳದ ಜೊತೆ ತಿರುಗಿ ತಿರುಗಿ ಅದಕ್ಕೇ ತಕ್ಕ ಹಾಗೆ ಸವೆದಿರುತ್ತೆ, ಜೋಡಿ ಬದಲಾಯ್ತೋ ಕತ್ತರಿಸೋದು ಬಿಟ್ಟು ಕೀಳೋಕೆ ಶುರು ಮಾಡುತ್ತೆ. ಅದಕ್ಕೇ ಒಂದೊಂದೇ ಜೋಡಿ ಬಿಚ್ಚಿ, ತೊಳೆದು, ವಾಪಸ್ ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕ್ಬೇಕು.

ಆಮೇಲೆ ಒಂದು ಪರೀಕ್ಷೆ ಮಾಡಿಸ್ದೆ. ರೋಟರಿಗೆ ಹೊಸ ತಲೆ ಹಾಕ್ಸಿ, ಮೂರು ವಾರ ಬಲಗಡೆ ಅದೇ, ಎಡಗಡೆ ಫಾಯಿಲ್. ಎರಡೂ ಕಡೆ ಒತ್ತಂಗಿಲ್ಲ, ಚರ್ಮ ಎಳೆಯಂಗಿಲ್ಲ. ಮೊದಲ ವಾರ ಫೋನ್ ಮಾಡಿ ಸರ್ ಎರಡೂ ಕಡೆ ಉರಿ ಅಂದ, ಹೊಸ ಮೆಷಿನ್‌ಗೆ ಚರ್ಮ ಒಗ್ಗೋಕೆ ಎರಡು ಮೂರು ವಾರ ಬೇಕಪ್ಪಾ, ಬಿಡಬೇಡ ಅಂದೆ. ಎಷ್ಟೋ ಜನ ನಾಲ್ಕನೇ ದಿನಕ್ಕೇ ಮೆಷಿನ್ ಬೀರುವಿಗೆ ಎಸೆದುಬಿಡ್ತಾರೆ, ನಂಗೆ ಕೋಪ ಬರೋದು ಅದಕ್ಕೇ! ಮೂರು ವಾರ ಕಳೆದು ಬಂದಾಗ ಎಡಗಡೆ ಕತ್ತು ಮುಟ್ಟಿದ್ರೆ ನಯ, ಎರಡು ಹಳೇ ಗುಳ್ಳೆ ಒಣಗ್ತಿತ್ತು. ಬಲಗಡೆ ಮೊದಲಿಗಿಂತ ಎಷ್ಟೋ ವಾಸಿ, ಆದ್ರೂ ಕೆಂಪು ಹೋಗಿರ್ಲಿಲ್ಲ.

ಆದ್ರೆ ಅವನೇ ಇನ್ನೊಂದು ಹೇಳ್ದ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ ಬಂದ ಮೇಲೆ ಫಾಯಿಲ್ ಏನೂ ಕೆಲಸ ಮಾಡ್ಲಿಲ್ಲ ಸರ್, ಗಂಟಲ ಹತ್ರ ಕೂದಲು ಹಾಗೇ ಉಳೀತು, ಒತ್ತಿಬಿಟ್ಟೆ, ಮತ್ತೆ ನಾಲ್ಕು ಗುಳ್ಳೆ ಅಂತ. ನೋಡಿ, ಅದೇ ಗಡ್ಡ, ಅದೇ ಚರ್ಮ, ಅದೇ ಮೆಷಿನ್. ಬದಲಾಗಿದ್ದು ಕೂದಲಿನ ಉದ್ದ ಒಂದೇ. ಗಡ್ಡ ದಿನಕ್ಕೆ ಹತ್ತಿರ ಹತ್ತಿರ 0.4 ಮಿಲಿಮೀಟರ್ ಬೆಳೆಯುತ್ತೆ, ಮೂರು ದಿನಕ್ಕೆ ಒಂದು ಮಿಲಿಮೀಟರ್ ದಾಟುತ್ತೆ, ಅಷ್ಟಾದ್ರೆ ಫಾಯಿಲ್ ಸೋಲುತ್ತೆ. ಅಂಥ ದಿನ ಮೊದ್ಲು ಟ್ರಿಮ್ಮರ್ ಓಡಿಸಿ ಮೋಟು ಮಾಡ್ಕೋ, ಆಮೇಲೆ ಫಾಯಿಲ್ ಇಡು ಅಂದೆ. ಅವತ್ತಿಂದ ಅವನಿಗೆ ಮುಲಾಮು ಬರೆದಿಲ್ಲ.

ಟೈಮ್ ಆಗ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಉಳಿದಿದ್ದನ್ನ ಬೇಗ ಹೇಳ್ತೀನಿ. ದಿನಾ ಅಥವಾ ದಿನ ಬಿಟ್ಟು ದಿನ ಶೇವ್ ಮಾಡೋರು, ಚರ್ಮ ಸೂಕ್ಷ್ಮ ಇರೋರು, ಗಡ್ಡ ಎಷ್ಟೇ ದಟ್ಟ ಇರ್ಲಿ, ಫಾಯಿಲ್ ತಗೊಳ್ಳಿ. ಮೂರು ನಾಲ್ಕು ದಿನಕ್ಕೊಮ್ಮೆ ಮಾಡೋರು, ಚರ್ಮ ತಡ್ಕೊಳ್ಳುತ್ತೆ ಅನ್ನೋರು ರೋಟರಿ ತಗೊಳ್ಳಿ. ಚರ್ಮಾನೂ ಸೂಕ್ಷ್ಮ, ನಾಲ್ಕು ದಿನಕ್ಕೊಮ್ಮೆ ಮಾತ್ರ ಮಾಡೋದು ಅಂದ್ರೆ ಟ್ರಿಮ್ಮರ್ ಪ್ಲಸ್ ಫಾಯಿಲ್.

ಫಾಯಿಲ್ಲನ್ನ ಸುತ್ತಿಸಬೇಡಿ, ನೇರ ಎಳೀರಿ, ಕೂದಲು ಬೆಳೆಯೋ ದಿಕ್ಕಿಗೆ ಎದುರಾಗಿ, ಹಗುರವಾಗಿ. ಕತ್ತಿನಿಂದಾನೇ ಶುರು ಮಾಡಿ, ಯಾಕಂದ್ರೆ ಓಡ್ತಾ ಓಡ್ತಾ ಹಾಳೆ ಬಿಸಿ ಆಗುತ್ತೆ, ತಣ್ಣಗಿರೋವಾಗ್ಲೇ ನಾಜೂಕು ಜಾಗ ಮುಗಿಸ್ಬೇಕು. ಒಣ ಶೇವ್ ಆದ್ರೆ ಮುಖ ತೊಳೆಯೋಕೆ ಮುಂಚೆ ಮಾಡಿ, ಸೆಕೆಗಾಲದಲ್ಲಿ ಬೆವರು ಒರೆಸ್ಕೊಂಡು ಚೂರು ಪೌಡರ್ ಹಚ್ಚಿ, ಮೆಷಿನ್ ಅಂಟದ ಹಾಗೆ ಜಾರುತ್ತೆ.

ಇನ್ನೊಂದೇ ಒಂದು. ಫಾಯಿಲ್ ಹಾಳೆಗೆ ಬ್ರಷ್ ಹಾಕಿ ಉಜ್ಜಬೇಡಿ, ಮೆಲ್ಲಗೆ ತಟ್ಟಿ ಪುಡಿ ಉದುರಿಸಿ. ವಾರಕ್ಕೊಮ್ಮೆ ಅದನ್ನ ತೆಗೆದು ಕಿಟಕಿ ಬೆಳಕಿಗೆ ಹಿಡೀರಿ. ತೂತೆಲ್ಲ ಒಂದೇ ಸಮ ಕಾಣ್ಬೇಕು. ಎಲ್ಲಾದ್ರೂ ಒಂದು ಕಡೆ ಬೆಳಕು ದಪ್ಪ ಚುಕ್ಕೆ ಥರ ಬಿತ್ತು ಅಂದ್ರೆ ಅಲ್ಲಿ ಹಾಳೆ ಹರಿದಿದೆ, ಒಳಗಿನ ಬ್ಲೇಡು ಸೀದಾ ಚರ್ಮಕ್ಕೆ ತಾಗುತ್ತೆ. ಅವತ್ತು ಆ ಮೆಷಿನ್ ಮುಖಕ್ಕೆ ಇಡಬೇಡಿ, ಹೊಸ ಹಾಳೆ ಹಾಕಿಸ್ಕೊಂಡ ಮೇಲೇ ಶೇವ್ ಮಾಡಿ. ನಮಸ್ಕಾರ.