ಫೋಟೋದಲ್ಲಿ 75, ಉತ್ತರದಲ್ಲಿ 70: ಕೋನಮಾಪಕ ಸುಳ್ಳು ಹೇಳಿತಾ?

[ಪರದೆಯಲ್ಲಿ: ಮೊಬೈಲ್‌ನಲ್ಲಿ ತೆಗೆದ ಚಿತ್ರ, ಸ್ವಲ್ಪ ಓರೆ. ಮೇಲೆ AB, ಕೆಳಗೆ CD, ಎರಡರ ಮೇಲೂ ಬಾಣದ ಗುರುತು.]

ನಮಸ್ಕಾರ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಈ ಫೋಟೋ ಕಳಿಸಿದ್ದಾನೆ. ಜೊತೆಗೆ ಬರೆದಿದ್ದಾನೆ: "ಸರ್, ಪ್ರಿಂಟ್ ತೆಗೆದು ಕೋನಮಾಪಕ ಇಟ್ಟೆ. ಒಂದು ಕೋನ 75, ಇನ್ನೊಂದು 66 ಬಂತು. ಪುಸ್ತಕದ ಹಿಂದೆ ಎರಡೂ 70 ಅಂತಿದೆ. ಪುಸ್ತಕ ತಪ್ಪಾ, ನಾನು ತಪ್ಪಾ?"

ಇಬ್ಬರೂ ತಪ್ಪಲ್ಲ. ಅದೇ ಮಜಾ.

ಮೊದಲು ಲೆಕ್ಕ ಏನು ಅಂತ ನೋಡಿಬಿಡೋಣ. AB ಮತ್ತು CD ಸಮಾಂತರ. ಒಂದು ಛೇದಕ ರೇಖೆ AB ಯನ್ನು P ನಲ್ಲಿ, CD ಯನ್ನು Q ನಲ್ಲಿ ಕತ್ತರಿಸುತ್ತೆ. ∠APQ = 3x + 10, ∠PQD = 5x − 30. ಇನ್ನು Q ನಿಂದ ಹೊರಟ QR ಅನ್ನೋ ಗೆರೆ ∠PQD ಯನ್ನು ಅರ್ಧ ಮಾಡಿ, AB ಯನ್ನು P ಯ ಬಲಕ್ಕೆ R ನಲ್ಲಿ ಮುಟ್ಟುತ್ತೆ. ∠PRQ ಎಷ್ಟು? ಪ್ರತಿ ಹೆಜ್ಜೆಗೂ ಕಾರಣ ಕೊಡಬೇಕು.

ಸಮಾಂತರ ಅಂದ್ರೆ ಏನು, ಛೇದಕ ಅಂದ್ರೆ ಏನು ಅಂತ ಮತ್ತೆ ಹೇಳಲ್ಲ. ನೇರವಾಗಿ ಆ 75 ಮತ್ತು 66 ಕ್ಕೆ ಬರ್ತೀನಿ.

[ಗೆರೆ ಹಾಕಿದ ನೋಟ್‌ಬುಕ್ ಕ್ಯಾಮೆರಾ ಮುಂದೆ]

ನೋಟ್‌ಬುಕ್ಕಿನ ಗೆರೆಗಳು ಸಮಾಂತರ, ಅಲ್ವಾ? ಈಗ ಪುಸ್ತಕವನ್ನು ಸುಮ್ನೆ ಹೀಗೆ ವಾಲಿಸ್ತೀನಿ. ಬಲಗಡೆ ಅಂಚು ಕ್ಯಾಮೆರಾದಿಂದ ದೂರ ಹೋಯ್ತು. ಪರದೆ ನೋಡಿ, ಗೆರೆಗಳು ಬಲಗಡೆ ಹತ್ತಿರ ಹತ್ತಿರ ಬರ್ತಾ ಇವೆ. ಬದುವಿನ ಮೇಲೆ ನಿಂತು ಜೋಳದ ಸಾಲು ನೋಡಿದ್ರೆ ಆ ತುದಿಯಲ್ಲಿ ಸಾಲುಗಳೆಲ್ಲ ಕೂಡಿಕೊಂಡ ಹಾಗೆ ಕಾಣುತ್ತಲ್ಲ, ಅದೇ.

ಅಂದ್ರೆ ಹುಡುಗನ ಫೋಟೋದಲ್ಲಿ AB, CD ನಿಜಕ್ಕೂ ಸಮಾಂತರ ಆಗಿಲ್ಲ. ಬಲಕ್ಕೆ ಎಳೀತಾ ಹೋದ್ರೆ ಎಲ್ಲೋ ಒಂದು ಕಡೆ ಸೇರುತ್ತವೆ. ಆ ಬಿಂದುವನ್ನು V ಅನ್ನೋಣ. ಈಗ PQV ಒಂದು ತ್ರಿಭುಜ. ∠APQ ಅದರ ಹೊರಕೋನ. ಹೊರಕೋನ ಅಂದ್ರೆ ದೂರದ ಎರಡು ಒಳಕೋನಗಳ ಮೊತ್ತ. ಹಾಗಾಗಿ 75 = 66 + ∠V. ∠V = 9.

ಇದು ನನಗೆ ಬಹಳ ಇಷ್ಟವಾದ ಜಾಗ, ಸ್ವಲ್ಪ ನಿಲ್ಲೋಣ. ಪರ್ಯಾಯ ಒಳಕೋನಗಳ ನಡುವಿನ ವ್ಯತ್ಯಾಸವೇ ಆ ಎರಡು ಗೆರೆಗಳು ಎಷ್ಟು ಡಿಗ್ರಿ ಓರೆಯಾಗಿವೆ ಅನ್ನೋದರ ಅಳತೆ. ಹುಡುಗ ಕೋನಮಾಪಕ ಸರಿಯಾಗೇ ಇಟ್ಟಿದ್ದಾನೆ. ಅವನಿಗೆ ಗೊತ್ತಿಲ್ಲದೇ ಫೋನು ಮಾಡಿದ ಸೊಟ್ಟವನ್ನು ಅಳೆದಿದ್ದಾನೆ, 9 ಡಿಗ್ರಿ!

ಇನ್ನೊಂದು ಪ್ರಶ್ನೆ. ಅದೇ ಫೋಟೋದಲ್ಲಿ P ಹತ್ತಿರ ∠APQ ಮತ್ತು ∠BPQ ಅಳೆದು ಕೂಡಿದ್ರೆ ಎಷ್ಟು? 180. ಸೊಟ್ಟ ಫೋಟೋದಲ್ಲೂ! ಯಾಕಂದ್ರೆ ವಾಲಿಸಿದ್ರೂ ನೇರ ಗೆರೆ ನೇರವಾಗೇ ಉಳಿಯುತ್ತೆ. ಸರಳಯುಗ್ಮಕ್ಕೆ ಬೇಕಾಗಿರೋದು ಅಷ್ಟೇ. ಶೃಂಗಾಭಿಮುಖ ಕೋನಗಳೂ ಹಾಗೇ, ಫೋಟೋದಲ್ಲೂ ಸಮ. ಕೆಡೋದು ಸಮಾಂತರವನ್ನು ನಂಬಿಕೊಂಡಿರೋ ಪ್ರಮೇಯಗಳು: ಅನುರೂಪ ಕೋನ, ಪರ್ಯಾಯ ಒಳಕೋನ, ಒಂದೇ ಬದಿಯ ಒಳಕೋನ.

ಯೂಕ್ಲಿಡ್ ಕೂಡ ಈ ಎರಡು ಗುಂಪನ್ನು ದೂರದೂರ ಇಟ್ಟಿದ್ದಾನೆ. ಅವನ ಮೊದಲ ಪುಸ್ತಕದಲ್ಲಿ ಸರಳಯುಗ್ಮ 13ನೇ ಪ್ರಮೇಯ, ಶೃಂಗಾಭಿಮುಖ 15ನೆಯದು. ಸಮಾಂತರ ರೇಖೆಗಳ ಪರ್ಯಾಯ ಕೋನ ಸಮ ಅನ್ನೋದು 29ನೆಯದು. ಸಮಾಂತರ ರೇಖೆಗಳ ಬಗೆಗಿನ, ಜಗತ್ತೇ ಜಗಳ ಆಡಿದ ಆ ಐದನೇ ಆಧಾರ ಪ್ರತಿಜ್ಞೆಯನ್ನು ಅವನು ಮೊದಲ ಸಲ ಕೈಗೆ ತಗೊಳ್ಳೋದು ಅಲ್ಲೇ. ನಮ್ಮ ಮೊಬೈಲ್ ಕ್ಯಾಮೆರಾ ಪ್ರಮೇಯಗಳನ್ನು ಅದೇ ಜಾಗದಲ್ಲಿ ಎರಡು ಪಾಲು ಮಾಡ್ತಾ ಇದೆ, ನೋಡಿ.

ಹಾಗಾದ್ರೆ ಫೋಟೋದಲ್ಲಿ ನಂಬಬೇಕಾದ್ದು ಏನು? ಬಾಣದ ಗುರುತು, ಬರೆದಿರೋ ಅಳತೆ, ಯಾವ ಬಿಂದು ಯಾವ ಗೆರೆ ಮೇಲೆ ಯಾವ ಬದಿಗಿದೆ ಅನ್ನೋದು. ಇಷ್ಟೇ.

[ಬಿಳಿ ಹಲಗೆ. ಚಿತ್ರ ಹೊಸದಾಗಿ ಕೈಯಲ್ಲಿ ಬರೆದಿದ್ದು.]

ಈಗ ಲೆಕ್ಕ. ∠APQ ಛೇದಕದ ಎಡಕ್ಕಿದೆ, ∠PQD ಬಲಕ್ಕಿದೆ. ಎರಡೂ AB, CD ನಡುವೆ. ಹಾಗಾಗಿ ಪರ್ಯಾಯ ಒಳಕೋನಗಳು. AB ∥ CD ಅಂತ ಕೊಟ್ಟಿರೋದರಿಂದ ಸಮ.

3x + 10 = 5x − 30, x = 20. ಎರಡೂ 70°.

ಇಲ್ಲಿ ಜಾಸ್ತಿ ಜನ ಎಡವೋದು ಹೇಗೆ ಅಂದ್ರೆ, "ಒಳಕೋನ ಅಲ್ವಾ, ಮೊತ್ತ 180" ಅಂತ ಬರೆದುಬಿಡ್ತಾರೆ. 8x − 20 = 180, x = 25. ಗುಂಡಗೆ ಬಂತು! ದಶಮಾಂಶ ಬಂದಿದ್ರೆ ಅನುಮಾನ ಬರ್ತಿತ್ತು. ಇದು ನಗುನಗುತ್ತಾ ಬಂದು ಕೂತ್ಕೊಳ್ಳುತ್ತೆ. 85 ಮತ್ತು 95. ಈ ತಪ್ಪನ್ನು ಹಾಗೇ ಇಟ್ಕೊಳ್ಳಿ, ಕೊನೆಗೆ ಹಿಡಿಯೋಣ.

ಮುಂದಿನ ಹೆಜ್ಜೆ. ∠BPQ = 180 − 70 = 110°. ಕಾರಣ, ಸರಳಯುಗ್ಮ.

QR ಅರ್ಧಕ. ಹಾಗಾಗಿ ∠PQR = ∠RQD = 35°. ಇದಕ್ಕೆ ಪ್ರಮೇಯ ಬೇಡ, "ಕೋನಾರ್ಧಕದ ವ್ಯಾಖ್ಯೆ" ಅಂತ ಬರೆದ್ರೆ ಸಾಕು.

ಈಗ ∠PRQ. ಇಲ್ಲಿ ಛೇದಕ ಬದಲಾಯ್ತು! ಇಷ್ಟು ಹೊತ್ತು PQ ಛೇದಕ, ಈಗ QR. ಅದರ ಒಂದು ಬದಿಗೆ P, ಇನ್ನೊಂದು ಬದಿಗೆ D. ಹಾಗಾಗಿ ∠PRQ ಮತ್ತು ∠RQD ಪರ್ಯಾಯ ಒಳಕೋನಗಳು. ∠PRQ = 35°. ಉತ್ತರ ಪತ್ರಿಕೆಯಲ್ಲಿ "ಪರ್ಯಾಯ ಕೋನ" ಅಂತ ಮಾತ್ರ ಬರೆದು ಬಿಡಬೇಡಿ. "AB ∥ CD, ಛೇದಕ QR, ಪರ್ಯಾಯ ಒಳಕೋನಗಳು" ಅಂತ ಬರೀರಿ. ಛೇದಕದ ಹೆಸರು ಬರೆಯೋವಾಗಲೇ ನಿಮಗೆ ಗೊತ್ತಾಗುತ್ತೆ, ನೀವು ಸರಿಯಾದ ಕೋನ ನೋಡ್ತಿದ್ದೀರೋ ಇಲ್ವೋ ಅಂತ.

ತಾಳೆ ನೋಡೋಣ. ತ್ರಿಭುಜ PQR ನಲ್ಲಿ 110 + 35 + 35 = 180. ಸರಿ ಹೋಯ್ತು.

ಆ x = 25 ಅನ್ನು ಈಗ ಕರೀರಿ. ∠BPQ = 180 − 85 = 95. ಅರ್ಧಕದಿಂದ 47.5, ಪರ್ಯಾಯ ಒಳಕೋನದಿಂದ ಇನ್ನೊಂದು 47.5. ಕೂಡಿ: 190! ತ್ರಿಭುಜ ಒಪ್ಪಲ್ಲ. ಹೆಚ್ಚಾದ ಆ 10 ಎಲ್ಲಿಂದ ಬಂತು? 95 − 85. ಸಮ ಇರಬೇಕಾದ ಎರಡು ಕೋನಗಳ ನಡುವಿನ ಅಂತರವೇ ತ್ರಿಭುಜದಲ್ಲಿ ಹೆಚ್ಚುವರಿಯಾಗಿ ನಿಂತಿದೆ.

ವಿಡಿಯೋ ಉದ್ದ ಆಗ್ತಿದೆ, ಉಳಿದಿದ್ದನ್ನು ಬೇಗ ಹೇಳ್ತೀನಿ. ∠PQR, ∠PRQ ಎರಡೂ 35, ಹಾಗಾಗಿ PQ = PR. ಸಮದ್ವಿಬಾಹು ತ್ರಿಭುಜ, ಕೇಳದೇ ಸಿಕ್ಕಿದ್ದು. ಚಿತ್ರದಲ್ಲಿ ಬಾಣ ಇಲ್ಲ, ಪ್ರಶ್ನೆಯಲ್ಲೂ ಸಮಾಂತರ ಅಂತ ಬರೆದಿಲ್ಲ ಅಂದ್ರೆ ಪರ್ಯಾಯ ಕೋನ ಸಮ ಅನ್ನೋ ಹಾಗಿಲ್ಲ, ಎಷ್ಟೇ ಸಮಾಂತರವಾಗಿ ಕಂಡರೂ. ಇನ್ನು "ಕೋನ ಸಮ, ಆದ್ದರಿಂದ ಸಮಾಂತರ" ಅನ್ನೋದು ಬೇರೆ ಪ್ರಮೇಯ, ಇದರ ವಿಲೋಮ. ಈ ಲೆಕ್ಕದಲ್ಲಿ ಅದಕ್ಕೆ ಕೆಲಸ ಇಲ್ಲ.

ಹುಡುಗನಿಗೆ ಪುಸ್ತಕ ನೆಲದ ಮೇಲಿಟ್ಟು, ಫೋನನ್ನು ಸರಿಯಾಗಿ ಮೇಲಿಂದ ಹಿಡಿದು ಇನ್ನೊಂದು ಫೋಟೋ ತೆಗಿ ಅಂದೆ. ರಾತ್ರಿ ಮೆಸೇಜ್ ಬಂತು: "ಸರ್, ಈಗ 70 ಮತ್ತು 71."

[ಎರಡೂ ಫೋಟೋ ಅಕ್ಕಪಕ್ಕ. ಕಪ್ಪು ಪರದೆ.]