‘ಬೇಗ’ ಎಂಬ ಪದ ಬಿಟ್ಟು ಬರೆದರೆ: ಆಪರೇಷನ್ ಆದವರಿಗೆ ಒಂದು ಹಾರೈಕೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆಯವರ ದೊಡ್ಡ ಆಪರೇಷನ್‌ಗಳಲ್ಲಿ ಬಹಳಷ್ಟು ನಡೆಯುವುದು ತಲಪಾಡಿ ದಾಟಿ ಮಂಗಳೂರಿನಲ್ಲಿ. ಹೋಗಿ ನೋಡಿ ಬರುವುದೆಂದರೆ ಅರ್ಧ ದಿನದ ಕೆಲಸ. ಹಾಗಾಗಿ ಮೊದಲ ಮಾತು ಫೋನಿನಲ್ಲೇ ಹೋಗುತ್ತದೆ, ಅದೂ ಹೆಚ್ಚಾಗಿ ವಾಟ್ಸಪ್ಪಿನಲ್ಲಿ. ಆ ನಾಲ್ಕು ಸಾಲು ಬರೆಯುವುದು ಹೇಗೆ ಎನ್ನುವುದು ಇಂದಿನ ವಿಷಯ. ಎಲ್ಲ ಆಪರೇಷನ್‌ಗಳ ಬಗ್ಗೆ ಹೇಳುವುದಿಲ್ಲ. ಮೊಣಕಾಲಿನ ಗಂಟು ಬದಲಿಸುವ ಆಪರೇಷನ್ ಒಂದನ್ನೇ ತೆಗೆದುಕೊಳ್ಳುತ್ತೇನೆ. ಯಾವ ಮಾತು ಹಿತ, ಯಾವುದು ಚುಚ್ಚುತ್ತದೆ ಎನ್ನುವುದು ಮೈ ಗುಣವಾಗುವ ಲೆಕ್ಕದ ಮೇಲೆ ನಿಂತಿದೆ. ಆ ಲೆಕ್ಕ ಒಂದೊಂದು ಆಪರೇಷನ್‌ಗೆ ಒಂದೊಂದು.

ಬದಿಯಡ್ಕದ ಕಡೆಯ ನಿವೃತ್ತ ಟೀಚರ್ ಒಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು 66. ಮೇ 11ಕ್ಕೆ ಎಡಗಾಲಿನ ಗಂಟು ಬದಲಿಸಿದ್ದಾರೆ. ಅದೇ ಶಾಲೆಯಲ್ಲಿ ಜೊತೆಗೆ ಪಾಠ ಮಾಡಿದ, ಅವರಿಗಿಂತ ಕಿರಿಯ ಟೀಚರ್ ಒಬ್ಬರು ಅವರಿಗೆ ಬರೆಯಲು ಕೂತಿದ್ದಾರೆ. ಕೈಗೆ ಮೊದಲು ಬರುವುದು ಇದು:

“ಆತ್ಮೀಯ ಟೀಚರ್, ತಮ್ಮ ಶಸ್ತ್ರಚಿಕಿತ್ಸೆ ಯಶಸ್ವಿಯಾದ ವಿಷಯ ತಿಳಿದು ಸಂತೋಷವಾಯಿತು. ತಾವು ಶೀಘ್ರ ಗುಣಮುಖರಾಗಿ ಮೊದಲಿನಂತೆ ಓಡಾಡುವಂತಾಗಲಿ. ಧೈರ್ಯವಾಗಿರಿ. ಏನಾದರೂ ಸಹಾಯ ಬೇಕಿದ್ದರೆ ಸಂಕೋಚವಿಲ್ಲದೆ ತಿಳಿಸಿ.”

ಇದರಲ್ಲಿ ಕೆಟ್ಟ ಮನಸ್ಸು ಎಲ್ಲೂ ಇಲ್ಲ. ಆದರೆ ಒಂದೊಂದು ವಾಕ್ಯವನ್ನೂ ಮಂಚದ ಮೇಲೆ ಮಲಗಿದವರ ಕಿವಿಯಿಂದ ಕೇಳಿ ನೋಡೋಣ.

‘ಯಶಸ್ವಿಯಾಯಿತು’ ಎನ್ನುವುದು ಡಾಕ್ಟರ ಪಾಲಿನ ಕೆಲಸಕ್ಕೆ ಹೇಳುವ ಮಾತು. ಈ ಆಪರೇಷನ್‌ನಲ್ಲಿ ಉಳಿದ ಪಾಲು ರೋಗಿಯದ್ದೇ. ಅದೇ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ಎಬ್ಬಿಸುತ್ತಾರೆ. ಮನೆಗೆ ಬಂದ ಮೇಲೆ ದಿನಕ್ಕೆ ಹಲವು ಸಲ ಹಿಮ್ಮಡಿ ಜಾರಿಸಿ ಕಾಲು ಮಡಚುವುದು, ತೊಡೆ ಬಿಗಿಹಿಡಿದು ಕಾಲು ನೇರ ಮಾಡುವುದು. ನೋವಾಗುತ್ತದೆ, ಆದರೂ ಬಿಡುವಂತಿಲ್ಲ. ಬಿಟ್ಟರೆ ಗಂಟು ಪೆಡಸಾಗುತ್ತದೆ. ಮೊದಲ ದಿನವೇ ‘ಯಶಸ್ವಿ’ ಎಂದು ತೀರ್ಪು ಕೊಟ್ಟುಬಿಟ್ಟರೆ, ಮುಂದೆ ಕಾಲು ಸರಿಯಾಗಿ ಮಡಚದಿದ್ದಾಗ ತಪ್ಪು ತನ್ನದೇ ಎಂದು ಅವರಿಗೆ ಅನಿಸುತ್ತದೆ.

‘ಶೀಘ್ರ’ಕ್ಕೆ ಬನ್ನಿ. ಚರ್ಮಕ್ಕೆ ಹಾಕಿದ ಪಿನ್ನು ತೆಗೆಯುವುದೇ 10ರಿಂದ 14 ದಿನಕ್ಕೆ. ವಾಕರ್ ಬಿಟ್ಟು ಕೋಲು ಹಿಡಿಯಲು ಕೆಲವು ವಾರ ಬೇಕು. ಬಾವು ಮತ್ತು ಬಿಸಿ ತಿಂಗಳುಗಟ್ಟಲೆ ಉಳಿಯುವುದುಂಟು. ಪೂರ್ತಿ ಹದಕ್ಕೆ ಬರಲು ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ಇಪ್ಪತ್ತು ಜನ ‘ಬೇಗ ಬೇಗ’ ಎಂದರೆ, ಎಲ್ಲ ಲೆಕ್ಕದಂತೆಯೇ ನಡೆಯುತ್ತಿದ್ದರೂ ರೋಗಿಗೆ ತಾನು ಹಿಂದೆ ಬಿದ್ದಿದ್ದೇನೆ ಎಂಬ ಭಾವನೆ ಬರುತ್ತದೆ. “ನಮ್ಮ ದೊಡ್ಡಮ್ಮ ಹದಿನೈದೇ ದಿನಕ್ಕೆ ಅಂಗಳಕ್ಕೆ ಇಳಿದಿದ್ದರು” ಎಂದು ಸೇರಿಸುವವರೂ ಇದ್ದಾರೆ. ಅದು ಹಾರೈಕೆ ಅಲ್ಲ, ಓಟದ ಸ್ಪರ್ಧೆ. ಎಷ್ಟು ಡಿಗ್ರಿ ಮಡಚುತ್ತದೆ ಎಂದು ಕೇಳುವುದೂ ಅದೇ ಜಾತಿಯದ್ದು. ಅದನ್ನು ಫಿಸಿಯೋಥೆರಪಿಯವರು ಅಳೆದುಕೊಳ್ಳುತ್ತಾರೆ, ನಮಗೆ ಬೇಡ.

ಇಡೀ ಪತ್ರದಲ್ಲಿ ಹೆಚ್ಚು ತೊಂದರೆ ಕೊಡುವ ಪದ ‘ಮೊದಲಿನಂತೆ’. ಯಾಕೆಂದರೆ ಅದು ನಿಜವಲ್ಲ. ಹೊಸ ಗಂಟು ಸಾಮಾನ್ಯವಾಗಿ 110ರಿಂದ 120 ಡಿಗ್ರಿ ಮಡಚಿದರೆ ಚೆನ್ನಾಗಿ ಆಯಿತು ಎನ್ನುತ್ತಾರೆ. ಮೆಟ್ಟಿಲು ಹತ್ತಲು, ಕುರ್ಚಿಯಿಂದ ಏಳಲು ಅಷ್ಟು ಸಾಕು. ಚಕ್ಕಳ ಮಕ್ಕಳ ಹಾಕಿ ಕೂರಲು, ಕುಕ್ಕರಗಾಲಿನಲ್ಲಿ ಕೂರಲು ಸಾಲದು. ಹೆಚ್ಚಿನ ಡಾಕ್ಟರುಗಳು ಅದನ್ನು ಬೇಡವೆಂದೇ ಹೇಳುತ್ತಾರೆ. ಮದುವೆ, ಪೂಜೆಯಂಥ ಜಂಬರದ ಮನೆಯಲ್ಲಿ ಪಂಕ್ತಿಗೆ ನೆಲದಲ್ಲಿ ಕೂತು ಬಾಳೆಎಲೆಯಲ್ಲಿ ಉಂಡವರಿಗೆ ಇದು ಸಣ್ಣ ನಷ್ಟ ಅಲ್ಲ. ಟೀಚರಿಗೆ ಅದು ಗೊತ್ತಿದೆ. ನಾವು ‘ಮೊದಲಿನಂತೆ’ ಎಂದಾಗ ಒಂದೋ ನಮಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಸುಮ್ಮನೆ ಹೇಳುತ್ತಿದ್ದೇವೆ.

‘ಧೈರ್ಯವಾಗಿರಿ’ ಎಂದವರ ಎದುರು ‘ಅಯ್ಯೋ ನೋವು’ ಎನ್ನಲು ಬಾಯಿ ಬರುವುದಿಲ್ಲ. ಇಷ್ಟು ಹೇಳಿದರೆ ಸಾಕು.

‘ಏನಾದರೂ ಬೇಕಿದ್ದರೆ ತಿಳಿಸಿ’ ಎನ್ನುವುದು ಕೇಳಲು ಚಂದ. ಆದರೆ ಏನು ಬೇಕು ಎಂದು ಯೋಚಿಸುವ ಕೆಲಸ, ಕೇಳುವ ಸಂಕೋಚ, ಆಗಲಿಕ್ಕಿಲ್ಲ ಎಂಬ ಉತ್ತರ ಕೇಳುವ ಅಪಾಯ ಮೂರೂ ಮಲಗಿದವರ ತಲೆಗೇ ಬಂತು. ಹಾಗೆ ತಿಳಿಸಿದವರು ಎಷ್ಟು ಜನ ಎಂದು ನೀವೇ ಲೆಕ್ಕ ಹಾಕಿ.

ಇಷ್ಟು ಬಿಗಿಯಾದ ಪುಸ್ತಕದ ಭಾಷೆ ನಮಗೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇಲ್ಲಿನದ್ದೇ ಒಂದು ಕಾರಣ ಉಂಟು. ಗಡಿನಾಡಿನ ಅನೇಕ ಮನೆಗಳಲ್ಲಿ ಆಡುವುದು ತುಳು, ಹವ್ಯಕ, ಕೊಂಕಣಿ, ಮಲಯಾಳ. ಬರೆಯಲು ಕೂತಾಗ ಕನ್ನಡ. ಆ ಕನ್ನಡ ಶಾಲೆಯ ಪತ್ರಲೇಖನದಿಂದ, ಆಮಂತ್ರಣ ಪತ್ರಿಕೆಯಿಂದ ಕಲಿತದ್ದು. ಹಾಗಾಗಿ ಎದುರು ಸಿಕ್ಕರೆ “ಎಂಚ ಉಲ್ಲರ್” ಎಂದು ತುಳುವಿನಲ್ಲಿ ಕ್ಷೇಮ ಕೇಳಿ ಕೈ ಹಿಡಿಯುವವರೂ ಫೋನಿನಲ್ಲಿ ‘ತಮ್ಮ ಶಸ್ತ್ರಚಿಕಿತ್ಸೆ’ ಎಂದು ಬರೆಯುತ್ತಾರೆ. ಮದ್ದು ಸುಲಭ. ಅವರೊಡನೆ ಯಾವ ಮಾತಿನಲ್ಲಿ ಮಾತಾಡುತ್ತೀರೋ ಅದರಲ್ಲೇ ಬರೆಯಿರಿ, ಲಿಪಿ ಕನ್ನಡದ್ದೇ ಇರಲಿ. ಕನ್ನಡದಲ್ಲೇ ಮಾತಾಡುವವರಾದರೆ ‘ತಾವು’ ಬಿಟ್ಟು ‘ನೀವು’.

ಇನ್ನು ಯಾವಾಗ ಬರೆಯಬೇಕು ಎನ್ನುವ ಪ್ರಶ್ನೆ. ಆಪರೇಷನ್ ದಿನ ಫೋನ್ ಮಗನ ಕೈಯಲ್ಲಿ ಇರುತ್ತದೆ, ಕನ್ನಡಕ ಚೀಲದಲ್ಲಿ. ಆದ್ದರಿಂದ ಅಂದಿನ ಮಾತು ಮಗನಿಗೇ ಹೋಗಲಿ: “ಅಮ್ಮನ ಆಪರೇಷನ್ ಮುಗಿಯಿತೆಂದು ಗೊತ್ತಾಯಿತು. ಈ ಎರಡು ದಿನ ನಾನು ಫೋನ್ ಮಾಡುವುದಿಲ್ಲ. ಅಮ್ಮನಿಗೆ ಕೇಳುವ ಮನಸ್ಸಿದ್ದಾಗ ನಾನು ವಿಚಾರಿಸಿದೆ ಅಂತ ಹೇಳು. ಉತ್ತರ ಬರೆಯಬೇಡ, ನಿನಗೂ ನಿದ್ರೆ ಬೇಕು.” ‘ಉತ್ತರ ಬೇಡ’ ಎನ್ನುವ ಎರಡು ಪದ ನಿಜವಾದ ಉಪಕಾರ. ಓದಿದ ನೀಲಿ ಗುರುತು ಬಿದ್ದ ಮೇಲೆ ಸುಮ್ಮನಿರುವುದು ನಮ್ಮಲ್ಲಿ ಅನೇಕರಿಗೆ ಕಷ್ಟ. ನಲವತ್ತು ಜನಕ್ಕೆ ‘ಪರವಾಗಿಲ್ಲ, ಈಗ ಸೌಖ್ಯ’ ಎಂದು ಒತ್ತುವುದೂ ಒಂದು ಶ್ರಮವೇ.

ವಾಯ್ಸ್ ಮೆಸೇಜು ಕಳಿಸುವುದಾದರೆ ಅರ್ಧ ನಿಮಿಷ ಮೀರದಿರಲಿ. ವಾರ್ಡಿನಲ್ಲಿ ಅದು ಪಕ್ಕದ ಮಂಚಕ್ಕೂ ಕೇಳುತ್ತದೆ ಎಂಬುದು ನೆನಪಿರಲಿ.

ಹೆಚ್ಚು ಬೇಕಾದ ಮಾತು ಮೂರನೇ ವಾರದ್ದು, ಯಾರೂ ಬರೆಯದ ಸಮಯದ್ದು. ಹಣ್ಣು, ಬಿಸ್ಕತ್ತು ಹಿಡಿದು ಬರುವವರು ಬಂದು ಹೋಗಿ ಆಗಿರುತ್ತದೆ. ಪಿನ್ನು ತೆಗೆದಾಯಿತು, ಇನ್ನೇನು ಗುಣ ಎಂದು ಮನೆಯವರೂ ಅಂದುಕೊಳ್ಳುತ್ತಾರೆ. ಆದರೆ ನೋವಿನ ಮಾತ್ರೆ ಕಡಿಮೆ ಮಾಡುವುದು, ವ್ಯಾಯಾಮ ಹೆಚ್ಚು ಮಾಡುವುದು ಎರಡೂ ಹೆಚ್ಚುಕಡಿಮೆ ಇದೇ ಸಮಯದಲ್ಲಿ. ರಾತ್ರಿ ಯಾವ ಮಗ್ಗುಲಿಗೂ ನಿದ್ರೆ ಹತ್ತುವುದಿಲ್ಲ. ಮೊಣಕಾಲಿನ ಅಡಿಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಆದರೆ ಇಡುವಂತಿಲ್ಲ. ಇಟ್ಟರೆ ಕಾಲು ಪೂರ್ತಿ ನೇರ ಬರುವುದಿಲ್ಲ. ‘ಮಾಡಿಸಬಾರದಿತ್ತೋ ಏನೋ’ ಎಂಬ ಮಾತು ಬಾಯಿಗೆ ಬರುವುದೂ ಈ ದಿನಗಳಲ್ಲೇ.

ನಮ್ಮ ಕಿರಿಯ ಟೀಚರ್ ಜೂನ್ 1ಕ್ಕೆ ಹೀಗೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ:

“ಟೀಚರ್, ನಿದ್ರೆ ಬರುವುದಿಲ್ಲ ಅಂತ ನಿಮ್ಮ ಸೊಸೆ ಹೇಳಿದಳು. ಪಿನ್ನು ತೆಗೆದ ಮೇಲೆ ಜನ ಬರುವುದು ಕಮ್ಮಿ ಆಗಿರಬಹುದು, ವ್ಯಾಯಾಮ ಮಾತ್ರ ಕಮ್ಮಿ ಆಗಿರಲಿಕ್ಕಿಲ್ಲ. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡಲು ನಮ್ಮಲ್ಲಿಗೆ ಬುಧವಾರ ಜನ ಬರುತ್ತಾರೆ. ಗುರುವಾರ ಅವರನ್ನೇ ನಿಮ್ಮ ತೋಟಕ್ಕೆ ಕರೆತಂದು ನಾನೇ ನಿಂತು ನೋಡಿಕೊಳ್ಳಬಹುದು. ಬೇಡವಾದರೆ ‘ಬೇಡ’ ಅಂತ ಒಂದು ಪದ ಸಾಕು.”

ಚೆನ್ನಾಗಿದೆ, ಆದರೆ ಮೊದಲ ವಾಕ್ಯ ಹೊಡೆದುಹಾಕಬೇಕು. ತನ್ನ ನಿದ್ರೆಯ ಸುದ್ದಿ ಸೊಸೆಯ ಬಾಯಿಂದ ಊರೆಲ್ಲ ಹೋಗಿದೆ ಎಂದು ಟೀಚರಿಗೆ ಅನಿಸಬಾರದು. ಮನೆಯೊಳಗೆ ಜಗಳ ಹುಟ್ಟಲು ಇಷ್ಟೇ ಸಾಕು. ಅದರ ಬದಲು “ಈ ಮೂರನೇ ವಾರ ರಾತ್ರಿ ಕಷ್ಟ ಅಂತ ಹೇಳುತ್ತಾರೆ, ನಿಮಗೆ ಹೇಗುಂಟೋ ಗೊತ್ತಿಲ್ಲ” ಎಂದರೆ ಹೇಳುವವರಿಗೆ ಬಾಗಿಲು ತೆರೆದಿರುತ್ತದೆ, ಹೇಳದವರಿಗೆ ಒತ್ತಾಯ ಇಲ್ಲ. ಸಹಾಯದ ಸಾಲು ಹಾಗೇ ಇರಲಿ. ಕೆಲಸ ಯಾವುದು, ಯಾವ ದಿನ, ಯಾರು ಮಾಡುವುದು ಎಲ್ಲ ಅದರಲ್ಲಿದೆ. ಬೇಡವೆನ್ನುವುದೂ ಸುಲಭ. ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು ಮಳೆಗೆ ಮೊದಲು ಅಡಿಕೆಗೊನೆಗೆ ಬೀಳದಿದ್ದರೆ ಕೊಳೆರೋಗ. ಮಂಚದಲ್ಲಿ ಮಲಗಿ ಮೋಡ ನೋಡುವ ತೋಟದವರಿಗೆ ಕಾಲಿನಷ್ಟೇ ಚಿಂತೆ ಅದರದ್ದೂ ಇರುತ್ತದೆ. ತೋಟ ಇಲ್ಲದವರಿಗೆ ಬೇರೆ ಕೆಲಸ ಹುಡುಕಬೇಕು: ಫಿಸಿಯೋಥೆರಪಿಗೆ ಹೋಗುವ ದಿನದ ರಿಕ್ಷಾ, ರೇಷನ್ ಅಂಗಡಿ, ಕರೆಂಟು ಬಿಲ್ಲು.

ದೇವರ ಮಾತು ಬರಬಹುದೇ? ಅವರು ನಂಬುವವರಾದರೆ ಬರಲಿ, ಆದರೆ ಮಾಡಿದ್ದನ್ನು ಹೇಳಿ. ‘ದೇವರು ಒಳ್ಳೆಯದು ಮಾಡಲಿ’ ಎನ್ನುವುದಕ್ಕಿಂತ ‘ಮಧೂರು ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆ, ನಿಮ್ಮ ಹೆಸರಲ್ಲಿ ಅಪ್ಪ ಸೇವೆ ಮಾಡಿಸಿದೆ, ಪ್ರಸಾದ ಮಗನ ಕೈಯಲ್ಲಿ ಕೊಟ್ಟಿದ್ದೇನೆ’ ಎನ್ನುವುದು ಮನಸ್ಸಿಗೆ ಹತ್ತುತ್ತದೆ. ‘ಎಲ್ಲ ಕರ್ಮ’ ಎನ್ನುವುದು ಮಾತ್ರ ಯಾರಿಗೂ ಬೇಡ.

ಒಂದು ಕಡೆ ಹಾರೈಕೆಯನ್ನೇ ನಿಲ್ಲಿಸಬೇಕು. ನಿಮಗೆ ಬಂದ ಉತ್ತರದಲ್ಲಿ ಮೀನಖಂಡ ಊದಿ ನೋಯುತ್ತಿದೆ, ಜ್ವರ ಬಂದಿದೆ, ಗಾಯದಿಂದ ನೀರೋ ಕೀವೋ ಬರುತ್ತಿದೆ ಎಂದಿದ್ದರೆ ‘ಸರಿಯಾಗುತ್ತದೆ’ ಎಂದು ಬರೆಯಬೇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಸೋಂಕು ಆಗಿರಬಹುದು. ಮನೆಯವರಿಗೆ ಫೋನ್ ಮಾಡಿ, ಅಂದೇ ಡಾಕ್ಟರಿಗೆ ತಿಳಿಸಲು ಹೇಳಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ. ಹಾಗೆಯೇ ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದ ಆಪರೇಷನ್ ಆಗಿದ್ದರೆ ‘ರಿಸಲ್ಟು ಬಂತಾ’ ಎಂದು ಕೇಳಬಾರದು, ಅವರೇ ಹೇಳಲಿ.

ಮೂರು ತಿಂಗಳು ಕಳೆದ ಮೇಲೆ, ಆಗಸ್ಟಿನಲ್ಲಿ, ಕಿರಿಯ ಟೀಚರ ಮನೆಯಲ್ಲಿ ಪೂಜೆ. ಈಗ ‘ಹೇಗಿದ್ದೀರಿ’ ಎನ್ನುವ ಅಗತ್ಯವೂ ಇಲ್ಲ. ಅವರು ಹೀಗೆ ಬರೆದರೆ ಸಾಕು:

“ಟೀಚರ್, ಭಾನುವಾರ ಊಟಕ್ಕೆ ಬನ್ನಿ. ಜಗಲಿಯಲ್ಲಿ ಮೇಜು ಹಾಕುತ್ತೇವೆ. ಎತ್ತರದ, ಕೈ ಇರುವ ಕುರ್ಚಿ ನೋಡಿ ಇಟ್ಟಿದ್ದೇವೆ. ಕಮೋಡು ಕೆಳಗಿನ ಕೋಣೆಯಲ್ಲೇ ಉಂಟು. ಅಂಗಳದಲ್ಲಿ ಪಾಚಿ ಜಾರುತ್ತದೆ, ರಿಕ್ಷಾ ಮೆಟ್ಟಿಲ ಬುಡಕ್ಕೇ ಬರಲಿ. ನಾನೂ ನಿಮ್ಮ ಜೊತೆ ಮೇಜಿನಲ್ಲೇ ಕೂರುವುದು.”